ಅರವತ್ತನಾಲ್ಕು ಉಂಟು, ಸಂಜೆಯವರೆಗೆ ಬರ್ತದೆ

ಮದುವೆಯಾದ ಹೊಸತರಲ್ಲಿ ನನ್ನ ಗಂಡ ಕೆಲಸದ ಜಾಗದಿಂದ ಫೋನ್ ಮಾಡಿದರೆ, ಎರಡು ಒಳ್ಳೆಯ ಮಾತು ಬರಬಹುದೆಂದು ನಾನು ಕಿವಿಗೊಟ್ಟು ಕಾಯುತ್ತಿದ್ದೆ. ಅವರು "ಎಪ್ಪತ್ತು ಉಂಟು" ಎಂದು ಹೇಳಿ ಇಟ್ಟುಬಿಡುತ್ತಿದ್ದರು. ಮೊದಲ ಸಲ ಕೇಳಿದಾಗ ಎಪ್ಪತ್ತು ಎಂತದ್ದು ಎಂದು ನನಗೆ ತಿಳಿಯಲಿಲ್ಲ. ಕೇಳುವಷ್ಟರಲ್ಲಿ ಫೋನು ಕಟ್ಟಾಗಿತ್ತು. ಸಂಜೆ ಅತ್ತೆಯ ಹತ್ತಿರ ಕೇಳಿದರೆ, "ಬ್ಯಾಟರಿ ಮಗಳೇ, ಬ್ಯಾಟರಿ. ಅವನು ಹಾಗೆ ಹೇಳುದು, ಹೆದರ್ಬೇಡ ಅಂತ" ಎಂದರು. ಆಗ ನನಗೆ ಸಿಟ್ಟು ಬಂದಿತ್ತು. ಈಗ ಯೋಚಿಸಿದರೆ, ಅವರ ಮಟ್ಟಿಗೆ ಅದಕ್ಕಿಂತ ದೊಡ್ಡ ಪ್ರೀತಿಯ ಮಾತು ಇರಲಿಲ್ಲ.

ಅವರು ಲೈನ್‌ಮ್ಯಾನ್. ಕಡಬದಿಂದ ಸುಬ್ರಹ್ಮಣ್ಯದ ಕಡೆಗೆ ಹೋಗುವ ರಸ್ತೆಯ ಒಳಗಿನ ಐದಾರು ಊರುಗಳ ಕಂಬ, ತಂತಿ, ಟಿ.ಸಿ. ಎನ್ನುವ ಟ್ರಾನ್ಸ್‌ಫಾರ್ಮರು ಎಲ್ಲ ಅವರ ತಲೆಯ ಮೇಲೆ. ಬೆಳಿಗ್ಗೆ ಹೊರಡುವಾಗ ಎಷ್ಟು ಹೊತ್ತಿಗೆ ಬರುತ್ತೀರಿ ಎಂದು ಕೇಳಿದರೆ ಅವರಲ್ಲಿ ಉತ್ತರ ಇರುವುದಿಲ್ಲ. ಗಾಳಿ ಬೀಸಿದ ಮರುದಿನ ಯಾವ ರಬ್ಬರ್ ತೋಟದಲ್ಲಿ ಯಾವ ಮರ ತಂತಿಯ ಮೇಲೆ ಮಲಗಿದೆಯೋ ಯಾರಿಗೆ ಗೊತ್ತು? ಖಾತ್ರಿಯಾಗಿ ಹೇಳಬಹುದಾದದ್ದು ಒಂದೇ, ಕಿಸೆಯಲ್ಲಿರುವ ಫೋನಿನಲ್ಲಿ ಎಷ್ಟು ಉಳಿದಿದೆ ಎಂಬುದು. ಆದ್ದರಿಂದ ಅದನ್ನೇ ಹೇಳುತ್ತಿದ್ದರು. ಅದು ಎಷ್ಟು ಗಂಟೆ ಬರುತ್ತದೆ ಎಂದು ಲೆಕ್ಕ ಹಾಕುವುದು ನನ್ನ ಕೆಲಸವಾಯಿತು.

ಲೆಕ್ಕ ನನಗೆ ಕಷ್ಟವಲ್ಲ. ನಾನು ಟೈಲರ್. ರಸ್ತೆ ಬದಿಯ ನಮ್ಮ ಮನೆಯ ಮುಂದಿನ ಕೋಣೆಯೇ ನನ್ನ ಅಂಗಡಿ. ಬಟ್ಟೆ ನೋಡಿದೊಡನೆ ಇದರಲ್ಲಿ ತೋಳು ಎಷ್ಟು ಉದ್ದ ಬರುತ್ತದೆ, ಅಂಚಿಗೆ ಎಷ್ಟು ಬಿಡಬೇಕು ಎಂದು ಹೇಳುವವಳಿಗೆ ಬ್ಯಾಟರಿ ಎಂತ ದೊಡ್ಡ ವಿಷಯ? ಒಂದು ಸಂಖ್ಯೆ ಕೇಳಿ ಏನನ್ನೂ ಹೇಳಲಿಕ್ಕಾಗುವುದಿಲ್ಲ, ಎರಡು ಬೇಕು. ಈಗ ಎಷ್ಟು ಉಂಟು, ಆಗ ಎಷ್ಟು ಇತ್ತು, ನಡುವೆ ಎಷ್ಟು ಗಂಟೆ ಹೋಯಿತು. ಕಳೆದು ಭಾಗಿಸಿದರೆ ಗಂಟೆಗೆ ಎಷ್ಟು ಇಳಿಯುತ್ತದೆ ಎಂದು ಸಿಗುತ್ತದೆ. ಉಳಿದದ್ದನ್ನು ಅದರಿಂದ ಭಾಗಿಸಿದರೆ ಇನ್ನೆಷ್ಟು ಗಂಟೆ ಎಂದು ಸಿಗುತ್ತದೆ. ಅವರದ್ದು ಸೆಕೆಂಡ್ ಹ್ಯಾಂಡಿನಲ್ಲಿ ತೆಗೆದುಕೊಂಡ ಹಳೆಯ ಫೋನಾದ ಕಾರಣ ಭಾಗಿಸುವ ಮೊದಲು ನಾನು ಇಪ್ಪತ್ತನ್ನು ಪಕ್ಕಕ್ಕಿಡುತ್ತೇನೆ. ಹಳೆಯ ಬ್ಯಾಟರಿ ಇಪ್ಪತ್ತರವರೆಗೆ ಸಭ್ಯವಾಗಿ ಇಳಿದು, ಅಲ್ಲಿಂದ ಒಮ್ಮೆಲೇ ಕಣ್ಣು ಮುಚ್ಚುತ್ತದೆ. ಅದು ನನ್ನ ಹೊಲಿಗೆಯ ಅಂಚು.

ಅತ್ತೆಯ ಲೆಕ್ಕ ಬೇರೆ. ಅವರಿಗೆ ಬ್ಯಾಟರಿ ಎಂದರೆ ಗ್ಯಾಸ್ ಸಿಲಿಂಡರ್ ಇದ್ದ ಹಾಗೆ. ಅರ್ಧ ಉಂಟು ಎಂದರೆ ಅರ್ಧ ತಿಂಗಳಿಗೆ ಧೈರ್ಯ. ಒಮ್ಮೆ ನನ್ನ ಫೋನನ್ನು ಕೈಯಲ್ಲಿ ತೂಗಿ ನೋಡಿ, "ಇದರಲ್ಲಿ ಇನ್ನೂ ಇದ್ದ ಹಾಗೆ ಕಾಣ್ತದೆ" ಎಂದಿದ್ದರು. ನಾನು ನಕ್ಕದ್ದಕ್ಕೆ ಎರಡು ದಿನ ಮುಖ ಊದಿಸಿಕೊಂಡಿದ್ದರು. ಅವರ ಮಗನಿಗೂ ಅದೇ ಗುಣ, ಸಿಟ್ಟು ಬಂದರೆ ಮಾತಿಲ್ಲ. ನನಗೆ ಸಿಟ್ಟು ಬಂದರೆ ಮಾತು ಮಾತ್ರ.

ನಾನು ಹೇಳಹೊರಟಿರುವ ದಿನ ಮಳೆಗಾಲ ಶುರುವಾಗುವುದಕ್ಕೆ ಸ್ವಲ್ಪ ಮೊದಲಿನದು. ಹಿಂದಿನ ಸಂಜೆ ಅರ್ಧ ಗಂಟೆ ಗಾಳಿ ಬೀಸಿ, ನಾಲ್ಕು ಹನಿ ಬಿದ್ದು, ಎಲ್ಲ ಮುಗಿದುಹೋಗಿತ್ತು. ಮರುದಿನ ಕಣ್ಣು ಕುಕ್ಕುವ ಬಿಸಿಲು. ನಮ್ಮ ಮನೆಯಲ್ಲಿ ಕರೆಂಟ್ ಇತ್ತು. ಗುಡ್ಡೆಯ ಆಚೆಯ ಎರಡು ಊರುಗಳಿಗೆ ಇರಲಿಲ್ಲ. ಅಲ್ಲಿಗೆ ಹೋಗುವ ಹೈಟೆನ್ಶನ್ ಲೈನಿನ ಮೇಲೆ ಮರ ಬಿದ್ದಿದೆಯೆಂದು ಇವರು ಏಳು ಗಂಟೆಗೆ ಹೊರಟರು. ಹೊರಡುವಾಗ ತೊಂಬತ್ತೆರಡು ಇತ್ತು. ಪವರ್ ಬ್ಯಾಂಕ್ ತೆಗೆದುಕೊಂಡಿರಾ ಎಂದು ಕೇಳಿದೆ. "ಜೀಪಿನಲ್ಲಿ ಉಂಟು" ಎಂದರು. ನಾನೇ ಪುತ್ತೂರಿನಿಂದ ತಂದುಕೊಟ್ಟ ಪವರ್ ಬ್ಯಾಂಕ್ ಅದು. ಕಂಬ ಹತ್ತುವಾಗ ಕಿಸೆಯಲ್ಲಿ ಭಾರ ಎಂದು ಯಾವಾಗಲೂ ಜೀಪಿನಲ್ಲೇ ಮಲಗಿರುತ್ತದೆ. ಜೀಪು ಎಲ್ಲಿರುತ್ತದೆ ಎಂದು ಮಾತ್ರ ಅವರಿಗೂ ಗೊತ್ತಿರುವುದಿಲ್ಲ.

ಒಂಬತ್ತಕ್ಕೆ ಫೋನ್ ಬಂತು. "ಎಪ್ಪತ್ತೆಂಟು."

ಹನ್ನೊಂದಕ್ಕೆ ಮತ್ತೆ ಬಂತು. "ಅರವತ್ತನಾಲ್ಕು ಉಂಟು. ಕಂಬ ಒಂದು ತುಂಡಾಗಿದೆ, ಬೇರೆ ಕಂಬ ತರ್ಲಿಕ್ಕೆ ಜೀಪು ಹೋಗಿದೆ. ಅಷ್ಟರಲ್ಲಿ ನಾವು ತಂತಿ ಬಿಡಿಸ್ತೇವೆ. ಈಗ ಇಡೀ ಲೈನಿನ ಕರೆಂಟ್ ತೆಗೀತೇನೆ. ಗುಡ್ಡೆಯ ಆ ಬದಿಗೆ ಹೋಗುದು, ರೇಂಜು ಕಡಿಮೆ."

"ಪವರ್ ಬ್ಯಾಂಕು?"

"ಜೀಪಿನಲ್ಲಿ."

"ನಿಮಗೆ ಹೇಳಿ ಪ್ರಯೋಜನ ಇಲ್ಲ ಮಾರಾಯ್ರೆ" ಎಂದೆ. ಅವರು ನಕ್ಕ ಸದ್ದು ಕೇಳಿತು. ಅಷ್ಟರಲ್ಲಿ ಕಟ್ಟಾಯಿತು.

ಮೊದಲ ಎರಡು ಗಂಟೆಯಲ್ಲಿ ಹದಿನಾಲ್ಕು, ಮತ್ತೆರಡು ಗಂಟೆಯಲ್ಲಿ ಇನ್ನೊಂದು ಹದಿನಾಲ್ಕು. ಗಂಟೆಗೆ ಏಳರಂತೆ ಒಂದೇ ಸಮನೆ ಇಳಿದಿತ್ತು. ಅರವತ್ತನಾಲ್ಕರಲ್ಲಿ ಇಪ್ಪತ್ತು ಪಕ್ಕಕ್ಕಿಟ್ಟರೆ ನಲವತ್ತನಾಲ್ಕು. ಏಳರಂತೆ ಆರು ಗಂಟೆ ಧಾರಾಳ. ಸಂಜೆ ಐದರವರೆಗೆ ಫೋನ್ ಸಿಗುತ್ತದೆ, ಅಷ್ಟರೊಳಗೆ ಕೆಲಸ ಮುಗಿಯುತ್ತದೆ. ನಾನು ಸಮಾಧಾನದಿಂದ ಒಂದು ರವಿಕೆಗೆ ಕತ್ತರಿ ಹಾಕಿದೆ.

ಐದು ನಿಮಿಷದಲ್ಲಿ ನಮ್ಮ ಮನೆಯ ಕರೆಂಟ್ ಹೋಯಿತು. ಅಡುಗೆಮನೆಯಲ್ಲಿ ಅತ್ತೆ ಮಿಕ್ಸಿಗೆ ತೆಂಗಿನಕಾಯಿ ಹಾಕಿದ್ದರು. ಮಿಕ್ಸಿ ನಿಂತದ್ದಕ್ಕೆ ಗೊಣಗದೆ ಅರೆಯುವ ಕಲ್ಲಿನ ಹತ್ತಿರ ಹೋದರು. ಊರಿನವರೆಲ್ಲ ಕರೆಂಟ್ ಹೋದರೆ ಬಯ್ಯುತ್ತಾರೆ. ನಮ್ಮ ಮನೆಯಲ್ಲಿ ಮಾತ್ರ ಕರೆಂಟ್ ಹೋದರೆ ಉಸಿರು ಬಿಡುತ್ತೇವೆ. ತಂತಿಯಲ್ಲಿ ಈಗ ಏನೂ ಇಲ್ಲ, ಅವರು ಮುಟ್ಟಬಹುದು ಎಂದು ಅದರ ಅರ್ಥ. "ದೀಪದ ಬುಡದಲ್ಲಿ ಕತ್ತಲೆ, ಲೈನ್‌ಮ್ಯಾನಿನ ಮನೆಗೇ ಕರೆಂಟ್ ಇಲ್ಲ" ಎಂದು ಎದುರಿನ ಅಂಗಡಿಯವರು ತಮಾಷೆ ಮಾಡುವುದುಂಟು. ಮಾಡಲಿ.

ಒಂದೂವರೆಗೆ ನಾನು ಊಟಕ್ಕೆ ಕೂರುವ ಮೊದಲು ಅವರಿಗೆ ಫೋನ್ ಮಾಡಿದೆ. ಅದು ನಮ್ಮ ಕ್ರಮ. ನಾನು ಊಟದ ಹೊತ್ತಿಗೆ ಒಂದು ಸಲ ಮಾಡುವುದು, ಒಂದೇ ಸಲ. ಇದ್ದ ಹಾಸಿಗೆಗೆ ತಕ್ಕಂತೆ ಕಾಲು ಚಾಚಬೇಕಲ್ಲ?

ಫೋನು ಸ್ವಿಚ್ ಆಫ್ ಆಗಿದೆ ಎಂದು ಆ ರೆಕಾರ್ಡಿನ ಹೆಂಗಸಿನ ಸ್ವರ ಹೇಳಿತು.

ವ್ಯಾಪ್ತಿಯ ಹೊರಗಿದ್ದಾರೆ ಎಂದಿದ್ದರೆ ನಾನು ಅನ್ನಕ್ಕೆ ಸಾರು ಬಡಿಸಿಕೊಳ್ಳುತ್ತಿದ್ದೆ. ಗುಡ್ಡೆಯ ಆಚೆ ಅದು ದಿನಾ ಇದ್ದದ್ದೇ. ಸ್ವಿಚ್ ಆಫ್ ಬೇರೆ ವಿಷಯ. ಇವರು ಫೋನನ್ನು ತಾವಾಗಿ ಆಫ್ ಮಾಡುವವರಲ್ಲ. ಬ್ಯಾಟರಿ ಮುಗಿದದ್ದೆಂದು ಹೇಳಲಿಕ್ಕೆ ನನ್ನ ಲೆಕ್ಕದಲ್ಲಿ ಇನ್ನೂ ಮೂರೂವರೆ ಗಂಟೆ ಬಾಕಿ ಇತ್ತು. ಹಿಂದಿನ ವರ್ಷ ಇವರು ಏಣಿಯಿಂದ ಜಾರಿ ಬಿದ್ದು, ಪುತ್ತೂರಿನ ಆಸ್ಪತ್ರೆಯಲ್ಲಿ ಹತ್ತು ದಿನ ಮಲಗಿದ್ದರು. ಆ ದಿನವೂ ನನಗೆ ಮೊದಲು ಸಿಕ್ಕಿದ ಸುದ್ದಿ ಇದೇ ಹೆಂಗಸಿನ ಸ್ವರದಲ್ಲಿ ಇದೇ ಮಾತು. ಫೋನು ಕಿಸೆಯಲ್ಲಿದ್ದು ಅವರ ಮೈಯಡಿಗೆ ಸಿಕ್ಕಿ ಒಡೆದಿತ್ತು. ಆಮೇಲೆ ಎರಡು ಗಂಟೆ ಕಳೆದು ಆಂಬುಲೆನ್ಸಿನಿಂದ ಯಾರೋ ಕರೆ ಮಾಡಿದ್ದರು.

ನಾನು ಬಟ್ಟಲನ್ನು ಮುಚ್ಚಿಟ್ಟೆ. ಅತ್ತೆ ನೋಡಿದರು.

"ಎಂತಾಯ್ತು?"

"ಏನಿಲ್ಲ ಅತ್ತೆ. ರೇಂಜು ಇಲ್ಲ."

"ರೇಂಜು ಇಲ್ಲದ್ದಕ್ಕೆ ಊಟ ಬಿಡುವವಳಲ್ಲ ನೀನು" ಎಂದು ಅವರೂ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು.

ಇವರ ಜೊತೆಗೆ ಕೆಲಸ ಮಾಡುವವರ ನಂಬರಿಗೆ ಮಾಡಿದೆ. ಅವರ ಸಿಮ್ಮಿಗೆ ಆ ಗುಡ್ಡೆಯಲ್ಲಿ ರೇಂಜು ಹಿಡಿಯುವುದೇ ಇಲ್ಲ ಎಂದು ಗೊತ್ತಿದ್ದೂ ಮಾಡಿದೆ. ಸಿಗಲಿಲ್ಲ. ಜೀಪಿನವರಿಗೆ ಮಾಡಿದೆ. ಅವರು ಕಂಬ ಲೋಡ್ ಮಾಡಿಸುತ್ತಾ ಕಡಬದಲ್ಲೇ ಇದ್ದರು, ಅವರಿಗೂ ಏನೂ ಗೊತ್ತಿರಲಿಲ್ಲ. ಕೊನೆಗೆ ಸಬ್‌ಸ್ಟೇಶನ್ನಿಗೆ ಮಾಡಿದೆ. ಅಲ್ಲಿಗೆ ಮನೆಯವರು ಫೋನ್ ಮಾಡುವುದು ಇವರಿಗೆ ಇಷ್ಟವಿಲ್ಲ. ಅಲ್ಲಿನ ಆಪರೇಟರ್ ಮಾತ್ರ ಸಮಾಧಾನದಿಂದಲೇ ಮಾತಾಡಿದರು.

"ಹನ್ನೊಂದಕ್ಕೆ ಕರೆಂಟ್ ತೆಗೆಸಿ ಲೈನ್ ಕ್ಲಿಯರ್ ತಗೊಂಡಿದ್ದಾರೆ ಅಕ್ಕ. ವಾಪಸ್ ಕೊಡ್ಲಿಲ್ಲ. ಕೆಲಸ ಆಗ್ತಾ ಇರ್ಬಹುದು."

"ಫೋನು ಆಫ್ ಉಂಟಲ್ಲ?"

"ನನಗೂ ಹಾಗೇ ಬರ್ತಾ ಉಂಟು. ಲೈನ್ ಚಾರ್ಜ್ ಆಗುದಿಲ್ಲ, ತಂತಿಗೆ ಕರೆಂಟ್ ಬರುದಿಲ್ಲ, ಆ ಭಯ ಬೇಡ. ಯಾರು ಕ್ಲಿಯರ್ ತಗೊಂಡರೋ ಅವರೇ ಕೆಳಗಿಳಿದು, ಎಲ್ಲ ಸರಿ ಉಂಟು ಅಂತ ಕ್ಲಿಯರಿನ ನಂಬರ್ ಹೇಳಿ ವಾಪಸ್ ಕೊಡ್ಬೇಕು. ಯಾರ ಫೋನಿಂದಾದ್ರೂ ಮಾಡ್ಲಿ, ಸ್ವರ ಅವರದ್ದೇ ಆಗ್ಬೇಕು. ಅವರ ಸ್ವರ ಕೇಳದೆ ನಾನು ಸ್ವಿಚ್ಚಿಗೆ ಕೈ ಹಾಕುದಿಲ್ಲ."

ಅವರು ಧೈರ್ಯಕ್ಕೆ ಹೇಳಿದ ಮಾತು. ಕರೆಂಟ್ ಹೊಡೆಯುವುದಿಲ್ಲ ಎಂಬುದೇನೋ ಸರಿ. ಆದರೆ ಬೀಳುವವರಿಗೆ ಕರೆಂಟೇ ಬೇಕೆಂದಿಲ್ಲವಲ್ಲ. ಕತ್ತರಿ ಹಾಕಿದ್ದ ರವಿಕೆಯ ತುಂಡುಗಳನ್ನು ಎತ್ತಿಕೊಂಡು ಮತ್ತೆ ಅಲ್ಲೇ ಇಟ್ಟೆ. ನನ್ನ ಲೆಕ್ಕ ಎಲ್ಲಿ ತಪ್ಪಿತು ಎಂದು ಮೂರು ಸಲ ಮಾಡಿ ನೋಡಿದೆ. ಎಲ್ಲಿಯೂ ತಪ್ಪಿರಲಿಲ್ಲ. ಲೆಕ್ಕ ಸರಿಯಿದ್ದರೆ ಫೋನು ಬ್ಯಾಟರಿಯಿಂದ ಸತ್ತದ್ದಲ್ಲ, ಒಡೆದದ್ದು. ಜೀವಮಾನದಲ್ಲಿ ಮೊದಲ ಸಲ ನನ್ನ ಲೆಕ್ಕ ತಪ್ಪಾಗಿರಲಿ ಎಂದು ಸುಬ್ರಹ್ಮಣ್ಯ ದೇವರಿಗೆ ಕೈ ಮುಗಿದೆ.

ಅಷ್ಟರಲ್ಲಿ ಎದುರಿನ ಅಂಗಡಿಯವರು ಹೆಗಲ ಮೇಲಿನ ಟವೆಲಿನಿಂದ ಕುತ್ತಿಗೆ ಒರೆಸುತ್ತಾ ರಸ್ತೆ ದಾಟಿ ಬಂದರು. ಅವರದ್ದು ಸೋಡಾ, ಮಜ್ಜಿಗೆ, ಐಸ್‌ಕ್ರೀಮಿನ ವ್ಯಾಪಾರ. ಬೇಸಗೆಯಲ್ಲಿ ಕರೆಂಟ್ ಹೋದರೆ ಅವರ ಜೀವ ಫ್ರೀಜರಿನೊಳಗೆ ಇರುತ್ತದೆ.

"ಅಕ್ಕ, ಕರೆಂಟ್ ಯಾವಾಗ ಬರ್ತದೆ ಅಂತ ನಿಮಗೆ ಎಂತಾದ್ರೂ ಗೊತ್ತುಂಟಾ? ಅವರ ಫೋನ್ ಈಗ ಆಫ್ ಬರ್ತದೆ."

"ಈಗ ಆಫ್ ಬರ್ತದೆ ಅಂದ್ರೆ? ಮೊದಲು ನೀವು ಮಾಡಿದ್ರಾ?"

"ಮಾಡಿದೆ. ಒಂದೇ ಸಲ ಅಕ್ಕ. ಹನ್ನೆರಡೂವರೆಯ ಬಸ್ಸು ಹೋದದ್ದೇ ಮಾಡಿದ್ದು. ಅವರು ಕಂಬದ ಮೇಲೆ ಇದ್ರಂತೆ, ಜೊತೆಯವರು ತೆಗೆದ್ರು. ಒಳ್ಳೆ ಜನ, ತುಂಬಾ ಹೊತ್ತು ಮಾತಾಡಿದ್ರು. ನನ್ನ ಮಗಳ ಮದುವೆ ವಿಷಯ ಎಲ್ಲ ಕೇಳಿದ್ರು."

ಇವರ ಜೊತೆಗಾರರನ್ನು ನಾನು ಬಲ್ಲೆ. ಒಳ್ಳೆಯವರೇ. ಯಾರು ಫೋನ್ ಮಾಡಿದರೂ ಬೇಸರ ಮಾಡಬಾರದು ಎಂಬ ಜನ. ತಪ್ಪಿ ಬಂದ ಕರೆಗೂ ಊರು, ಮನೆ, ಅಡಿಕೆಯ ರೇಟು ವಿಚಾರಿಸಿಯೇ ಇಡುವವರು. ಇವರು ಕಂಬ ಹತ್ತುವಾಗ ಫೋನನ್ನು ಅವರ ಕೈಯಲ್ಲಿ ಕೊಟ್ಟಿದ್ದರೆ, ಬೆಕ್ಕಿಗೆ ಹಾಲಿನ ಕಾವಲು ಕೊಟ್ಟ ಹಾಗಾಯಿತು.

"ಬ್ಯಾಟರಿ ವಿಷಯ ಎಂತಾದ್ರೂ ಹೇಳಿದ್ರಾ ಅಣ್ಣ? ಸರಿಯಾಗಿ ನೆನಪು ಮಾಡಿ."

ಅವರು ಟವೆಲನ್ನು ಇನ್ನೊಂದು ಹೆಗಲಿಗೆ ಹಾಕಿ ಯೋಚಿಸಿದರು. "ಹೇಳಿದ್ರು. ಎಲ್ಲರೂ ಫೋನ್ ಮಾಡಿ ಮಾಡಿ ಮೂವತ್ತೇಳಕ್ಕೆ ಇಳಿದಿದೆ ಮಾರಾಯ್ರೆ, ಇಡ್ತೇನೆ ಅಂದ್ರು. ಮತ್ತೂ ಸ್ವಲ್ಪ ಮಾತಾಡಿದ್ರು."

ಮೂವತ್ತೇಳು. ನನಗೆ ಬೇಕಾಗಿದ್ದ ಎರಡನೆಯ ಸಂಖ್ಯೆ ಸಿಕ್ಕಿತು.

ಹನ್ನೊಂದಕ್ಕೆ ಅರವತ್ತನಾಲ್ಕು, ಹನ್ನೆರಡೂವರೆಗೆ ಮೂವತ್ತೇಳು. ಒಂದೂವರೆ ಗಂಟೆಯಲ್ಲಿ ಇಪ್ಪತ್ತೇಳು ಹೋಗಿದೆ. ಎಂದರೆ ಗಂಟೆಗೆ ಹದಿನೆಂಟು. ಏಳಲ್ಲ, ಹದಿನೆಂಟು. ಮೂವತ್ತೇಳರಲ್ಲಿ ಇಪ್ಪತ್ತು ಪಕ್ಕಕ್ಕಿಟ್ಟರೆ ಉಳಿಯುವುದು ಹದಿನೇಳು, ಆ ಓಟದಲ್ಲಿ ಒಂದು ಗಂಟೆಯೂ ಪೂರ್ತಿ ಇಲ್ಲ. ಒಂದೂವರೆಯೊಳಗೆ ಫೋನು ತಾನಾಗಿಯೇ ಕಣ್ಣು ಮುಚ್ಚಲೇಬೇಕು. ನಾನು ಮಾಡಿದ್ದೇ ಒಂದೂವರೆಗೆ.

ನನ್ನ ತಪ್ಪು ಎಲ್ಲಿ ಎಂದು ಆಗ ಹೊಳೆಯಿತು. ಬೆಳಿಗ್ಗೆ ಏಳರಿಂದ ಹನ್ನೊಂದರವರೆಗೆ ಹೆಚ್ಚಿನ ಊರುಗಳಲ್ಲಿ ಕರೆಂಟ್ ಇತ್ತು. ಇವರಿಗೆ ಫೋನ್ ಮಾಡುವವರು ಕಡಿಮೆ. ಗಂಟೆಗೆ ಏಳು ಎಂಬುದು ಕರೆಂಟ್ ಇರುವ ಹೊತ್ತಿನ ಲೆಕ್ಕ. ಹನ್ನೊಂದಕ್ಕೆ ಇವರು ಕರೆಂಟ್ ತೆಗೆದೊಡನೆ ಐದಾರು ಊರಿನ ಮಿಕ್ಸಿ, ಫ್ಯಾನು, ಫ್ರೀಜರು, ಪಂಪು ಎಲ್ಲ ಒಟ್ಟಿಗೆ ನಿಂತವು. ನಮ್ಮ ಕಡೆ ಕರೆಂಟ್ ಹೋದರೆ ಯಾರೂ ಆಫೀಸಿಗೆ ಫೋನ್ ಮಾಡುವುದಿಲ್ಲ, ಲೈನ್‌ಮ್ಯಾನಿಗೇ ಮಾಡುವುದು. ಅವರ ನಂಬರು ಹಾಲಿನ ಸೊಸೈಟಿಯ ಗೋಡೆಯಲ್ಲಿ ಉಂಟು, ಟಿ.ಸಿ. ಕಂಬದ ಪೆಟ್ಟಿಗೆಯ ಮೇಲೆ ಉಂಟು, ಅಂಗಡಿಗಳ ಕ್ಯಾಲೆಂಡರಿನಲ್ಲಿ ಗ್ಯಾಸಿನವರ ನಂಬರಿನ ಕೆಳಗೆ ಉಂಟು. ಅದರ ಮೇಲೆ ಗುಡ್ಡೆಯ ಆಚೆ ರೇಂಜು ಸರಿ ಇಲ್ಲ. ರೇಂಜು ಕಡಿಮೆ ಇರುವಲ್ಲಿ ಫೋನು, ಹೊಳೆಯ ಆಚೆ ದಡದವರನ್ನು ಕರೆಯುವವರ ಹಾಗೆ, ಇದ್ದ ಶಕ್ತಿಯನ್ನೆಲ್ಲ ಹಾಕಿ ಕೂಗಬೇಕಾಗುತ್ತದೆ. ಇಲ್ಲಿ ಹತ್ತು ನಿಮಿಷ ಮಾತಾಡಿದರೆ ಹೋಗುವುದರ ಎರಡರಷ್ಟೋ ಮೂರರಷ್ಟೋ ಅಲ್ಲಿ ಹೋಗುತ್ತದೆ. ಕರೆಂಟ್ ಇದ್ದಾಗಿನ ಅಳತೆಯನ್ನು ಹಿಡಿದುಕೊಂಡು ಕರೆಂಟ್ ಇಲ್ಲದ ಹೊತ್ತಿಗೆ ನಾನು ಬಟ್ಟೆ ಕತ್ತರಿಸಿದ್ದೆ.

"ನೀವು ಒಂದೇ ಸಲ ಮಾಡಿದ್ದು ಅಲ್ವಾ ಅಣ್ಣ?" ಎಂದು ಕೇಳಿದೆ. ನನ್ನ ಸ್ವರ ಏರಿದ್ದು ನನಗೇ ಕೇಳಿತು. "ಸೊಸೈಟಿಯವರು ಒಂದೇ ಸಲ. ರಬ್ಬರಿನವರು ಒಂದೇ ಸಲ. ಪಂಪಿನವರೆಲ್ಲ ಒಂದೊಂದೇ ಸಲ. ಒಂದು ಜೀವ ಕಂಬದ ಮೇಲೆ ಉಂಟು, ಕೆಳಗೆ ನಿಮ್ಮ ಐಸ್‌ಕ್ರೀಮಿನ ಚಿಂತೆ. ಫೋನ್ ಮಾಡಿದ್ರೆ ಕರೆಂಟ್ ಬೇಗ ಬರ್ತದಾ? ಇನ್ನೂ ತಡ ಆಗ್ತದೆ, ಅಷ್ಟೇ."

ಅವರು ಪಾಪ, ಟವೆಲನ್ನು ಕೈಗೆ ತೆಗೆದುಕೊಂಡು ಮಡಚತೊಡಗಿದರು. ಅತ್ತೆ ಒಳಗಿನಿಂದ ಮೆಲ್ಲ ಬಂದು ಬಾಗಿಲಿಗೆ ಒರಗಿದರು.

"ಅವರನ್ನು ಬಯ್ಬೇಡ" ಎಂದರು. "ನಾನೂ ಮಾಡಿದ್ದೆ. ಒಂದೇ ಸಲ. ಊಟ ಆಯ್ತಾ ಅಂತ ಕೇಳ್ಲಿಕ್ಕೆ."

ನನಗೆ ನಗು ಬರಲಿಲ್ಲ. ಈಗ ಬರೆಯುವಾಗ ಬರುತ್ತದೆ. ಆಗ ನಾನು ಕುರ್ಚಿಯಲ್ಲಿ ಕೂತುಬಿಟ್ಟೆ. ಅತ್ತೆ ನನ್ನ ಬೆನ್ನ ಮೇಲೆ ಕೈಯಿಟ್ಟು ನಿಂತರು. ಅಂಗಡಿಯವರು ರಸ್ತೆ ದಾಟಿ ಹೋಗಿ, ಮೆತ್ತಗಾಗುತ್ತಿದ್ದ ಎರಡು ಐಸ್‌ಕ್ಯಾಂಡಿ ತಂದು ನಮ್ಮಿಬ್ಬರ ಕೈಯಲ್ಲಿ ಕೊಟ್ಟರು. "ಹೇಗೂ ಕರಗ್ತದೆ, ತಿನ್ನಿ" ಎಂದರು. ನಾವು ತಿಂದೆವು. ಹೊಟ್ಟೆಯಲ್ಲಿ ಅನ್ನ ಇಲ್ಲದೆ, ಕಣ್ಣಲ್ಲಿ ನೀರು ಇಟ್ಟುಕೊಂಡು, ಅತ್ತೆ ಸೊಸೆ ಇಬ್ಬರೂ ಕೆಂಪು ಐಸ್‌ಕ್ಯಾಂಡಿ ಚೀಪುತ್ತಾ ಕೂತಿದ್ದೆವು.

ಹೊಸ ಲೆಕ್ಕ ಬ್ಯಾಟರಿ ಮುಗಿದದ್ದೇ ಇರಬೇಕು ಎನ್ನುತ್ತಿತ್ತು. ಆದರೆ ಬ್ಯಾಟರಿ ಮುಗಿದದ್ದಕ್ಕೆ ಕಾರಣ ಸಿಕ್ಕಿತೇ ಹೊರತು, ಹನ್ನೆರಡೂವರೆಯ ನಂತರ ಕಂಬದ ಮೇಲೆ ಇದ್ದವರು ಹೇಗಿದ್ದಾರೆ ಎಂಬುದಕ್ಕೆ ಅದರಲ್ಲಿ ಉತ್ತರ ಇರಲಿಲ್ಲ. ಶೇಕಡಾ ಲೆಕ್ಕ ಫೋನಿನ ಆಯುಷ್ಯ ಹೇಳುತ್ತದೆ, ಮನುಷ್ಯನದ್ದಲ್ಲ. ಈ ಮಾತನ್ನು ನಾನು ಅತ್ತೆಗೆ ಹೇಳಲಿಲ್ಲ. ಹೇಳಬೇಕಾಗಿರಲಿಲ್ಲ. ಅವರು ಲೈನ್‌ಮ್ಯಾನಿನ ತಾಯಿ ಮಾತ್ರವಲ್ಲ, ಲೈನ್‌ಮ್ಯಾನಿನ ಹೆಂಡತಿಯೂ ಆಗಿದ್ದವರು. ಮಾವನವರ ಕಾಲದಲ್ಲಿ ಫೋನೂ ಇರಲಿಲ್ಲ, ಶೇಕಡಾ ಲೆಕ್ಕವೂ ಇರಲಿಲ್ಲ.

"ಆಗ ನೀವು ಎಂತ ಮಾಡ್ತಿದ್ರಿ ಅತ್ತೆ?" ಎಂದು ಕೇಳಿದೆ.

"ಎಂತ ಮಾಡುದು? ಬರುವವರೆಗೆ ಬೈತಾ ಇದ್ದೆ. ಬಂದ ಮೇಲೆ ಬಡಿಸ್ತಿದ್ದೆ."

ಎರಡೂವರೆ ಆಯಿತು. ಮೂರು ಆಯಿತು. ನಾನು ಇನ್ನೊಂದು ಸಲ ಅವರ ನಂಬರಿಗೆ ಮಾಡಲಿಲ್ಲ. ಸತ್ತ ಫೋನಿಗೆ ಮಾಡಿದರೆ ಏನೂ ಖರ್ಚಾಗುವುದಿಲ್ಲ, ಅದು ಗೊತ್ತು. ಆದರೂ ಆ ಸ್ವರವನ್ನು ಮತ್ತೊಮ್ಮೆ ಕೇಳುವ ಧೈರ್ಯ ನನಗಿರಲಿಲ್ಲ. ಬಿಸಿಲಿಗೆ ಡಾಂಬರು ಮಿನುಗುತ್ತಿತ್ತು. ಸುಬ್ರಹ್ಮಣ್ಯದಿಂದ ಬರುವ ಬಸ್ಸಿನ ತುಂಬ ಯಾತ್ರೆಯ ಜನ, ಎಲ್ಲರ ಕೈಯಲ್ಲೂ ಫೋನು. ಅವುಗಳಲ್ಲಿ ಒಂದರಲ್ಲಿಯೂ ನನಗೆ ಬೇಕಾದವರ ಸ್ವರ ಇರಲಿಲ್ಲ. ನನಗೆ ಅವರೆಲ್ಲರ ಮೇಲೂ ಕಾರಣವಿಲ್ಲದೆ ಸಿಟ್ಟು ಬಂತು.

ಮೂರೂವರೆಯ ಹೊತ್ತಿಗೆ ನನ್ನ ತಲೆಯ ಮೇಲಿನ ಫ್ಯಾನು ತಿರುಗಿತು.

ಮೊದಲು ನಿಧಾನ, ಆಮೇಲೆ ಜೋರು. ಮೇಜಿನ ಮೇಲಿನ ರವಿಕೆಯ ತುಂಡುಗಳು ಒಂದೊಂದಾಗಿ ನೆಲಕ್ಕೆ ಹಾರಿದವು. ಎದುರಿನ ಅಂಗಡಿಯಲ್ಲಿ ಫ್ರೀಜರು ಗುಂಯ್ ಎಂದಿತು. ಅಂಗಡಿಯವರು "ಬಂತು, ಬಂತು" ಎಂದು ಯಾರಿಗೋ ಕೂಗಿ ಹೇಳಿದರು. ಅವರಿಗೆ ಬಂದದ್ದು ಕರೆಂಟ್. ನನ್ನ ಕಿವಿಯಲ್ಲಿ ಆಪರೇಟರ್ ಹೇಳಿದ ಮಾತು ಇತ್ತು. ಅವರ ಸ್ವರ ಕೇಳದೆ ಸ್ವಿಚ್ಚಿಗೆ ಕೈ ಹಾಕುವುದಿಲ್ಲ ಎಂದಿದ್ದರು. ಈಗ ಕೈ ಹಾಕಿದ್ದಾರೆ. ಎಂದರೆ ಸ್ವರ ಕೇಳಿದ್ದಾರೆ. ಎಂದರೆ ಇವರು ಕೆಳಗಿಳಿದಿದ್ದಾರೆ, ತಮ್ಮ ಕಾಲ ಮೇಲೆ ನಿಂತಿದ್ದಾರೆ, ಎಲ್ಲ ಸರಿ ಉಂಟು ಎಂದು ತಮ್ಮ ಬಾಯಿಂದಲೇ ಹೇಳಿದ್ದಾರೆ.

ಅತ್ತೆ ಫ್ಯಾನನ್ನೇ ನೋಡುತ್ತಿದ್ದರು. "ಮಾತಾಡಿದ" ಎಂದರು. ಅಷ್ಟೇ ಹೇಳಿ ಸೆರಗಿನಿಂದ ಮುಖ ಒರೆಸಿಕೊಂಡು ಒಳಗೆ ಹೋದರು. ನಾನು ಅಂಗಡಿಯ ಬಾಗಿಲು ಮುಂದೆ ಮಾಡಿ ಗಟ್ಟಿಯಾಗಿ ಅತ್ತುಬಿಟ್ಟೆ. ಇಷ್ಟು ದೊಡ್ಡವಳಾಗಿ ಫ್ಯಾನು ನೋಡಿ ಅತ್ತವಳು ಈ ತಾಲೂಕಿನಲ್ಲಿ ನಾನೊಬ್ಬಳೇ ಇರಬೇಕು.

ಅವರು ಬಂದಾಗ ಐದೂವರೆ. ಅಂಗಿ ಒದ್ದೆ, ಕೈಯೆಲ್ಲ ರಬ್ಬರ್ ಮರದ ಹಾಲು ಹಿಡಿದು ಕಪ್ಪಾಗಿತ್ತು. ಜಗಲಿಯಲ್ಲಿ ಕೂತು ಬೂಟು ಬಿಚ್ಚುವಾಗಲೇ ನಾನು ಶುರುಮಾಡಿದೆ. ಅಷ್ಟು ಹೊತ್ತು ತುಂಬಿಸಿಟ್ಟದ್ದೆಲ್ಲ ಬಂತು. ಜೀಪಿನಲ್ಲಿ ಮಲಗಿದ ಪವರ್ ಬ್ಯಾಂಕಿಗೆ ಎರಡು, ಜೊತೆಗಾರರ ನಾಲಿಗೆಗೆ ನಾಲ್ಕು, ಊರಿನವರಿಗೆಲ್ಲ ಒಂದೊಂದು. ಅವರು ಬೂಟಿನ ಲೇಸು ನೋಡುತ್ತಾ ಕೇಳಿದರು. ಕೊನೆಗೆ, ಜೀಪು ಕಂಬವನ್ನು ರಸ್ತೆಯಲ್ಲಿ ಇಳಿಸಿ ಪವರ್ ಬ್ಯಾಂಕಿನ ಸಮೇತ ಬೇರೆ ಕೆಲಸಕ್ಕೆ ಹೋದದ್ದು, ಕೆಲಸ ಮುಗಿದ ಮೇಲೆ ರಬ್ಬರ್ ತೋಟದ ಒಂದು ಮನೆಗೆ ಇಳಿದು ಹೋದದ್ದು, ಅಲ್ಲಿಯ ಅಜ್ಜಿಯ ಬಟನ್ ಫೋನಿನಿಂದ ಸ್ಟೇಶನ್ನಿಗೆ ಮಾಡಿದ್ದು ಹೇಳಿದರು. ಅಜ್ಜಿಯ ಫೋನಿಗೆ ವಾರಕ್ಕೊಮ್ಮೆ ಚಾರ್ಜು ಹಾಕಿದರೆ ಸಾಕಂತೆ. ಅದನ್ನು ಬಹಳ ಹೊಟ್ಟೆಕಿಚ್ಚಿನಿಂದ ಹೇಳಿದರು.

"ಸ್ಟೇಶನ್ನಿಗೆ ಮಾಡ್ಲಿಕ್ಕೆ ಆಯ್ತು" ಎಂದೆ. "ಮನೆಗೆ ಒಂದು ಮಾಡ್ಲಿಕ್ಕೆ ಆಗಲಿಲ್ಲ ಅಲ್ವಾ?"

"ಸ್ಟೇಶನಿನದ್ದು ಬಾಯಿಪಾಠ ಉಂಟು. ನಿನ್ನದು ಬಾಯಿಗೆ ಬರುದಿಲ್ಲ. ನನ್ನ ಫೋನಿನಲ್ಲಿ ನೀನು ಮನೆ ಅಂತ ಇದ್ದಿ."

"ನಾನು ಸ್ಟೇಶನ್ನಿಗೆ ಫೋನ್ ಮಾಡಿದ್ದೆ. ಅವರ ಹತ್ತಿರ ನನ್ನ ನಂಬರ್ ಇತ್ತು. ಅವರು ಹೇಳ್ಲಿಲ್ವಾ?"

"ಹೇಳಿದ್ರು. ಮನೆಯಿಂದ ಕೇಳಿದ್ದಾರೆ, ನಂಬರ್ ಕೊಡ್ಲಾ, ಮೊದಲು ಮನೆಗೆ ಮಾಡ್ತೀರಾ ಅಂತ ಕೇಳಿದ್ರು." ಅವರು ಎರಡನೆಯ ಬೂಟನ್ನು ಪಕ್ಕಕ್ಕಿಟ್ಟರು. "ನಾನು ಹೇಳಿದೆ, ಬೇಡ, ಮೊದಲು ಲೈನ್ ಚಾರ್ಜ್ ಮಾಡಿ, ಅವಳಿಗೆ ಗೊತ್ತಾಗ್ತದೆ ಅಂತ."

ನನ್ನ ಬಾಯಲ್ಲಿ ಇನ್ನೂ ನಾಲ್ಕು ಬಯ್ಗುಳ ಬಾಕಿ ಇದ್ದವು. ಅವನ್ನು ಬಿಟ್ಟು, ಅವರ ಬೂಟೆರಡನ್ನೂ ಎತ್ತಿ ಗೋಡೆಯ ಬದಿಗಿಟ್ಟೆ.

ಅವರು ತಲೆಯೆತ್ತಿ ನೋಡಿದರು. ಮುಖದಲ್ಲಿ ಸ್ವಲ್ಪ ಹೆದರಿಕೆ ಕಂಡಿತು. "ಗೊತ್ತಾಗ್ಲಿಲ್ವಾ?"

"ಗೊತ್ತಾಯ್ತು" ಎಂದೆ. "ಫ್ಯಾನು ತಿರುಗಿದ್ದೇ ಗೊತ್ತಾಯ್ತು. ಕೈಕಾಲು ತೊಳ್ಕೊಂಡು ಬನ್ನಿ, ಅತ್ತೆಯೂ ನಾನೂ ಮಧ್ಯಾಹ್ನದಿಂದ ಊಟ ಮಾಡಿಲ್ಲ."